ಘಾಟಿ ಬಂದ್ ಆಗಿ ಕ್ಲೈಂಟ್ ಹತ್ರ ತಡವಾಗಿ ಹೋಗುವಾಗ ಈಮೇಲ್ ಹೇಗೆ ಬರೆಯೋದು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸರ್ವಿಸ್ ಕೆಲಸದಲ್ಲಿದ್ದೀನಿ. ಮಳೆಗಾಲದಲ್ಲಿ ಉಡುಪಿ ಕಡೆ ಹೋಗುವಾಗ ದಾರಿ ಬಂದ್ ಆದ್ರೆ ಕ್ಲೈಂಟ್‌ಗೆ ಏನಂತ ಮೇಲ್ ಹಾಕ್ಬೇಕು? ಎಷ್ಟು ಗಂಟೆಗೆ ಬರ್ತೀವಿ ಅನ್ನೋದನ್ನ ಹೇಗೆ ಹೇಳೋದು?

ಉತ್ತರ:

ನಾನೂ ಇದೇ ದಾರಿಯಲ್ಲಿ ಬಾಯ್ಲರ್ ಸರ್ವಿಸ್‌ಗೆ ಓಡಾಡುವವನು. ಕಾರಣವನ್ನು ಎಷ್ಟು ಚೆನ್ನಾಗಿ ಬರೆದಿರಿ ಅನ್ನೋದನ್ನು ಕ್ಲೈಂಟ್ ನೋಡುವುದಿಲ್ಲ. ಅವರಿಗೆ ಬೇಕಾಗಿರುವುದು ಒಂದು ಗಡಿಯಾರದ ಹೊತ್ತು. ಅದನ್ನು ನಂಬಿ ಅವರು ತಮ್ಮ ಕಡೆ ಏನನ್ನೋ ನಿಲ್ಲಿಸಬೇಕು ಅಥವಾ ಮುಂದುವರಿಸಬೇಕು. ಹಾಗಾಗಿ ಮೇಲ್ ಬರೆಯುವ ಮೊದಲು ಆ ಹೊತ್ತನ್ನು ಸರಿಯಾಗಿ ಲೆಕ್ಕ ಹಾಕಬೇಕು.

ಒಂದು ಉದಾಹರಣೆ ತಗೊಳ್ಳೋಣ. ಉಡುಪಿ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಬಾಯ್ಲರ್‌ನ ಫೀಡ್ ಪಂಪ್ ಬದಲಿಸುವ ಕೆಲಸ. ಬೆಳಿಗ್ಗೆ 10.30ಕ್ಕೆ ಬರ್ತೀವಿ ಅಂತ ಹೇಳಿದ್ದೀರಿ. ಅದನ್ನು ನಂಬಿ ಅಲ್ಲಿನ ಮ್ಯಾನೇಜರ್ 8.30ಕ್ಕೆ ಉರಿ ತೆಗೆಸಬೇಕು ಅಂದ್ಕೊಂಡಿದ್ದಾರೆ, ನೀವು ಬರುವಷ್ಟರಲ್ಲಿ ಪ್ರೆಶರ್ ಇಳಿದಿರಲಿ ಅಂತ. ನೀವು 6.30ಕ್ಕೆ ಶಿವಮೊಗ್ಗ ಬಿಟ್ಟು 8 ಗಂಟೆ ಸುಮಾರಿಗೆ ತೀರ್ಥಹಳ್ಳಿಗೆ ಬರ್ತೀರಿ. ಅಲ್ಲಿ ಗೊತ್ತಾಗುತ್ತದೆ: ಆಗುಂಬೆ ಘಾಟಿಯಲ್ಲಿ ಧರೆ ಕುಸಿದು ಮರ ಬಿದ್ದಿದೆ, ಗಾಡಿ ಬಿಡ್ತಿಲ್ಲ.

ಬಂದ್‌ನಲ್ಲಿ ಎರಡು ಥರ ಇದೆ. ಒಂದು ಜಿಲ್ಲಾಧಿಕಾರಿಗಳ ಆದೇಶ. ಮಳೆಗಾಲದಲ್ಲಿ ಆಗುಂಬೆಗೆ ಹೆಚ್ಚಾಗಿ ಭಾರೀ ವಾಹನಗಳಿಗೆ ಮಾತ್ರ ನಿಷೇಧ ಬರುತ್ತದೆ. ಕಾರು, ಮಿನಿ ಬಸ್ಸು ಹೋಗುತ್ತಿರುತ್ತವೆ. ಇದು ಮೊದಲೇ ಪೇಪರ್‌ನಲ್ಲಿ ಬರುವ ವಿಷಯ, ಮೇಲ್ ಹಿಂದಿನ ದಿನವೇ ಹೋಗಬೇಕು. ಇನ್ನೊಂದು ಆವತ್ತು ಬೆಳಿಗ್ಗೆ ಗುಡ್ಡ ಜರಿದು ಆಗುವ ಬಂದ್. ಇದನ್ನು ತಿಳಿಯಲು ಮ್ಯಾಪ್ ಒಂದನ್ನೇ ನಂಬಬೇಡಿ. ದಾರಿ ಮುಚ್ಚಿದ್ದು ಅದಕ್ಕೆ ಎಷ್ಟೋ ಹೊತ್ತು ಗೊತ್ತಾಗಿರುವುದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ಉಡುಪಿಯಿಂದ ಬೆಳಗಿನ ಬಸ್ಸು ಮೇಲೆ ಬಂತಾ ಅಂತ. ಬಂದಿಲ್ಲ ಅಂದರೆ ಘಾಟಿ ಕಟ್ಟಿದೆ ಅಂತಲೇ ಲೆಕ್ಕ.

ಅಲ್ಲಿ ಯಾರಾದರೂ ಖಂಡಿತ ಹೇಳ್ತಾರೆ, "ಜೆಸಿಬಿ ಬಂದಿದೆ, ಇನ್ನೊಂದು ಗಂಟೆಲಿ ಬಿಡ್ತಾರೆ" ಅಂತ. ಆ ಒಂದು ಗಂಟೆಯನ್ನು ಮೇಲ್‌ನಲ್ಲಿ ಬರೆಯಲೇಬೇಡಿ. ಮಣ್ಣು ತೆಗೆದ ಹಾಗೆ ಮೇಲಿಂದ ಮತ್ತೆ ಜಾರುತ್ತದೆ. ಬಿಟ್ಟ ಮೇಲೂ ಎರಡೂ ಕಡೆ ನಿಂತಿದ್ದ ಗಾಡಿಗಳು ಆ 14 ಹೇರ್‌ಪಿನ್ ತಿರುವುಗಳಲ್ಲಿ ಒಂದೊಂದಾಗಿ ಕರಗಬೇಕು. ದಾರಿ ಯಾವಾಗ ತೆರೆಯುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ, ಕ್ಲೈಂಟ್ ಕೈಯಲ್ಲೂ ಇಲ್ಲ. ತೆರೆದಿರುವ ದಾರಿಯ ಮೇಲೆ ಮಾತ್ರ ಹೊತ್ತು ಕೊಡಿ.

ತೀರ್ಥಹಳ್ಳಿಯಲ್ಲೇ ಗೊತ್ತಾದರೆ ನಾನು ಹಿಡಿಯುವುದು ಹುಲಿಕಲ್ ಘಾಟಿ. ಯಡೂರು, ಮಾಸ್ತಿಕಟ್ಟೆ ಮೇಲೆ ಹೋಗಿ ಹೊಸಂಗಡಿಗೆ ಇಳಿದು, ಸಿದ್ದಾಪುರ, ಕುಂದಾಪುರ ದಾಟಿ ಉಡುಪಿ. ಆಗುಂಬೆವರೆಗೆ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ಶೃಂಗೇರಿ, ಕೆರೆಕಟ್ಟೆ, ಕಾರ್ಕಳದ ದಾರಿ ಯೋಚನೆ ಮಾಡಬಹುದು. ಅಲ್ಲೂ ಮಳೆ ಜೋರಿದ್ದರೆ ಮೊದಲು ವಿಚಾರಿಸಿಯೇ ಹೊರಡಬೇಕು.

ಈಗ ಲೆಕ್ಕ. ಮ್ಯಾಪ್ ತೋರಿಸುವ ಒಟ್ಟು ಹೊತ್ತನ್ನು ಎತ್ತಿ ಬರೆಯುವ ಬದಲು ದಾರಿಯನ್ನು ತುಂಡು ಮಾಡಿ. 8.20ಕ್ಕೆ ತೀರ್ಥಹಳ್ಳಿ ಬಿಟ್ಟರೆ ಮಾಸ್ತಿಕಟ್ಟೆಗೆ ಒಂದೂಕಾಲು ಗಂಟೆ. ಅಂದರೆ 9.35. ಅಲ್ಲಿಂದ ಘಾಟಿ ಇಳಿದು ಹೊಸಂಗಡಿಗೆ ಬೇರೆ ದಿನ ಅರ್ಧ ಗಂಟೆ ಸಾಕು. ಆದರೆ ಆಗುಂಬೆ ಬಂದ್ ಆದ ದಿನ ಅಲ್ಲಿಯ ಗಾಡಿಗಳೂ ಇಲ್ಲಿಗೇ ಬರುತ್ತವೆ. ತಿರುವಿನಲ್ಲಿ ಎದುರಿಗೆ ಲಾರಿ ಸಿಕ್ಕರೆ ಯಾರಾದರೊಬ್ಬರು ಹಿಂದೆ ತೆಗೆಯಬೇಕು. ಅದಕ್ಕೆ 50 ನಿಮಿಷ ಹಿಡಿಯಿರಿ, 10.25 ಆಯ್ತು. ಸಿದ್ದಾಪುರದ ಮೇಲೆ ಕುಂದಾಪುರಕ್ಕೆ ಇನ್ನೊಂದು ಒಂದೂಕಾಲು ಗಂಟೆ, 11.40. ಕುಂದಾಪುರದಿಂದ ಉಡುಪಿ ನಾಲ್ಕು ಪಥದ ಹೆದ್ದಾರಿ, ಊರೊಳಗಿನ ಟ್ರಾಫಿಕ್ ಸೇರಿ 50 ನಿಮಿಷ. ಒಟ್ಟು 12.30.

ಆದರೆ 12.30 ಅಂತ ಬರೆಯಬೇಡಿ. ಈ ದಾರಿಯಲ್ಲಿ ಹೆಚ್ಚುಕಮ್ಮಿ ಆಗುವ ಜಾಗ ಒಂದೇ, ಘಾಟಿ. ಸಾಲು ಇಲ್ಲದಿದ್ದರೆ 15–20 ನಿಮಿಷ ಉಳಿಯುತ್ತದೆ. ಮಂಜು ದಟ್ಟವಾಗಿ ಕವಿದರೆ ಅರ್ಧ ಗಂಟೆ ಹೋಗುತ್ತದೆ. ಹುಲಿಕಲ್ ಮಳೆ ಗೊತ್ತಲ್ವಾ, ಹೆಡ್‌ಲೈಟ್ ಹಾಕಿದರೂ ಮುಂದಿನ ಗಾಡಿ ಕಾಣುವುದಿಲ್ಲ. ಹಾಗಾಗಿ 12.15ರಿಂದ 1 ಗಂಟೆ ಅಂತ ಕೊಡಿ. ಇದರಲ್ಲಿ ಕ್ಲೈಂಟ್ ಬಳಸಿಕೊಳ್ಳುವುದು ಕೊನೆಯ ಹೊತ್ತನ್ನು. ಅದು ನೀವು ಉಳಿಸಿಕೊಳ್ಳಬಲ್ಲ ಹೊತ್ತಾಗಿರಬೇಕು. "ಎರಡು ಗಂಟೆ ಲೇಟ್ ಆಗುತ್ತೆ" ಅಂತ ಬರೆದರೆ ಯಾವಾಗಿಂದ ಎರಡು ಗಂಟೆ ಅಂತ ಅವರು ಮತ್ತೆ ಫೋನ್ ಮಾಡಬೇಕು. "ಆದಷ್ಟು ಬೇಗ ಬರುತ್ತೇವೆ" ಅಂದರೆ ಅವರಿಗೆ ಏನೂ ಸಿಕ್ಕ ಹಾಗಾಗಲಿಲ್ಲ.

ಇನ್ನು ಯಾವಾಗ ಕಳಿಸಬೇಕು ಅನ್ನೋದು. ಇದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ತೀರ್ಥಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಕಳಿಸಿಯೇ ಹೊರಡಿ. ಯಡೂರು ದಾಟಿದ ಮೇಲೆ ಸಿಗ್ನಲ್ ನಂಬುವ ಹಾಗಿಲ್ಲ. ಓಡುವ ಗಾಡಿಯಲ್ಲಿ ಸೆಂಡ್ ಒತ್ತಿದ ಮೇಲ್ ಔಟ್‌ಬಾಕ್ಸ್‌ನಲ್ಲೇ ಕೂತು, ಸಿದ್ದಾಪುರಕ್ಕೆ ಬಂದ ಮೇಲೆ ಹೋಗುತ್ತದೆ. ಅಷ್ಟೊತ್ತಿಗೆ ಅಲ್ಲಿ 8.30ಕ್ಕೇ ಉರಿ ತೆಗೆದಿರುತ್ತಾರೆ. ಗೇರುಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸಿ, ಆರಲು ಬಿಟ್ಟು, ಆಮೇಲೆ ಒಡೆಯುತ್ತಾರೆ. ಇವತ್ತು ಬೆಳಿಗ್ಗೆ ಬೇಯಿಸದಿದ್ದರೆ ನಾಳೆ ಒಡೆಯುವವರಿಗೆ ಬೀಜ ಕಡಿಮೆ ಬೀಳುತ್ತದೆ. ನಿಮ್ಮ ಮೇಲ್ 8.15ಕ್ಕೆ ತಲುಪಿದರೆ ಅವರು 11ರವರೆಗೆ ಬೇಯಿಸಬಹುದು. ಆಮೇಲೆ ತಲುಪಿದರೆ ಆ ಹಬೆ ಹೋಯಿತು.

ಮೊದಲು ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ, ಕೂಡಲೇ ಮೇಲ್ ಹಾಕಿ. ಫೋನಿನಲ್ಲಿ ಕೇಳಿದ್ದು ಬಾಯ್ಲರ್ ಆಪರೇಟರ್‌ಗೆ ಹೋಗುವಷ್ಟರಲ್ಲಿ ಹೊತ್ತು ಬದಲಾಗಿಬಿಡುತ್ತದೆ. ಮೇಲ್ ಆದರೆ ಅವರು ಹಾಗೇ ಮುಂದೆ ಕಳಿಸ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

ವಿಷಯ: ಇಂದಿನ 10.30ರ ಬಾಯ್ಲರ್ ಕೆಲಸ – ಆಗುಂಬೆ ಘಾಟಿ ಬಂದ್, ಮಧ್ಯಾಹ್ನ 12.15ರಿಂದ 1ರ ಒಳಗೆ ತಲುಪುತ್ತೇವೆ

ನಮಸ್ಕಾರ ಸರ್,

ಆಗುಂಬೆ ಘಾಟಿಯಲ್ಲಿ ಇಂದು ಬೆಳಿಗ್ಗೆ ಧರೆ ಕುಸಿದು ಸಂಚಾರ ನಿಂತಿದೆ. ನಾವು ಈಗ ತೀರ್ಥಹಳ್ಳಿಯಲ್ಲಿದ್ದೇವೆ. 8.20ಕ್ಕೆ ಇಲ್ಲಿಂದ ಹೊರಟು ಹುಲಿಕಲ್ ಘಾಟಿ, ಕುಂದಾಪುರ ಮಾರ್ಗವಾಗಿ ಬರುತ್ತೇವೆ. ಮಧ್ಯಾಹ್ನ 12.15ರಿಂದ 1 ಗಂಟೆಯ ಒಳಗೆ ನಿಮ್ಮ ಕಾರ್ಖಾನೆಯಲ್ಲಿರುತ್ತೇವೆ.

ದಯವಿಟ್ಟು 8.30ಕ್ಕೆ ಉರಿ ತೆಗೆಸಬೇಡಿ. 11 ಗಂಟೆಗೆ ತೆಗೆಸಿದರೆ ನಾವು ಕೆಲಸ ಶುರು ಮಾಡುವಷ್ಟರಲ್ಲಿ ಪ್ರೆಶರ್ ಇಳಿದಿರುತ್ತದೆ. ಹೊಸ ಪಂಪ್ ನಮ್ಮ ಗಾಡಿಯಲ್ಲೇ ಇದೆ. ಕೆಲಸಕ್ಕೆ ಎರಡೂವರೆ ಗಂಟೆ ಬೇಕು. 1 ಗಂಟೆಗೆ ಶುರುವಾದರೆ 3.30ಕ್ಕೆ ಬಾಯ್ಲರ್ ಬಿಟ್ಟುಕೊಡುತ್ತೇವೆ.

ಘಾಟಿಯಲ್ಲಿ ಸುಮಾರು ಎರಡು ಗಂಟೆ ಫೋನ್ ಸಿಗದೇ ಇರಬಹುದು. 10.45ರ ಸುಮಾರಿಗೆ ಸಿದ್ದಾಪುರದಿಂದ ಮತ್ತೆ ತಿಳಿಸುತ್ತೇವೆ. ಉರಿ ತೆಗೆಸುವ ಮೊದಲು ಆ ಸಂದೇಶ ನೋಡಿಕೊಳ್ಳಿ.

ತಡವಾಗುತ್ತಿರುವುದಕ್ಕೆ ಕ್ಷಮೆ ಇರಲಿ. ಇಂದು ಮಧ್ಯಾಹ್ನ ನಿಮಗೆ ಅನುಕೂಲ ಇಲ್ಲದಿದ್ದರೆ ನಾವು ಉಡುಪಿಯಲ್ಲೇ ಉಳಿದು ನಾಳೆ ಬೆಳಿಗ್ಗೆ 7ಕ್ಕೆ ಬರುತ್ತೇವೆ. ಯಾವುದು ಆಗಬಹುದು ಎಂದು ಇದಕ್ಕೇ ಉತ್ತರಿಸಿ.

ನೋಡಿ, ಕಾರಣ ಒಂದೇ ಸಾಲು. ಕ್ಷಮೆ ಒಂದೇ ಸಲ, ಅದೂ ಕೊನೆಗೆ. ಹೊಸ ಹೊತ್ತು ವಿಷಯದ ಸಾಲಿನಲ್ಲೇ ಇದೆ, ಯಾಕಂದ್ರೆ ಎಷ್ಟೋ ಜನ ಮೊಬೈಲ್‌ನಲ್ಲಿ ಅಷ್ಟನ್ನೇ ಓದುತ್ತಾರೆ. ಮುಚ್ಚಿದ ರಸ್ತೆಯ ಫೋಟೋ ಹಾಕಬೇಕಾ ಅಂತ ಕೆಲವರು ಕೇಳ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಿಮ್ಮನ್ನು ಅವರು ಅನುಮಾನಿಸಿದ್ದಾರೆ ಅನ್ನುವ ಹಾಗಿರುತ್ತದೆ. ಅವರು ಕೇಳಿದರೆ ಕಳಿಸಿ. ಆದರೆ ಆ ಫೋಟೋಕ್ಕೋಸ್ಕರ ಆಗುಂಬೆವರೆಗೆ ಹೋಗಬೇಡಿ, ವಾಪಸ್ ಬರುವ ಹೊತ್ತೂ ನಿಮ್ಮದೇ ಲೆಕ್ಕಕ್ಕೆ ಸೇರುತ್ತದೆ.

ಸಿದ್ದಾಪುರದ ಮೇಲ್ ಹೊಸದಾಗಿ ಬರೆಯಬೇಡಿ, ಇದಕ್ಕೇ ರಿಪ್ಲೈ ಮಾಡಿ. ಎಲ್ಲ ಸರಿ ಹೋಗಿದ್ದರೆ ಎರಡು ಸಾಲು ಸಾಕು: "ಘಾಟಿ ಇಳಿದಿದ್ದೇವೆ, ಈಗ ಸಿದ್ದಾಪುರ. 12.30ಕ್ಕೆ ತಲುಪುತ್ತೇವೆ, 11ಕ್ಕೆ ಉರಿ ತೆಗೆಸಬಹುದು." ಕಷ್ಟದ ಭಾಗ ಹಿಂದೆ ಬಿದ್ದಿರುವುದರಿಂದ ಈಗ ಒಂದೇ ಹೊತ್ತು ಕೊಡಬಹುದು. ಘಾಟಿಯಲ್ಲಿ ಒಂದು ಗಂಟೆ ಸಿಕ್ಕಿಬಿದ್ದಿದ್ದರೆ ಮತ್ತೆ ಮೊದಲಿಂದ ಲೆಕ್ಕ ಹಾಕಿ. ಉರಿ ತೆಗೆಯುವ ಹೊತ್ತನ್ನೂ ಅಷ್ಟೇ ಮುಂದಕ್ಕೆ ತಳ್ಳಿ ಹೇಳಿ. 11ಕ್ಕೆ ಸಂದೇಶ ಬಾರದೇ ಇದ್ದರೆ ಉರಿ ಹಾಗೇ ಇರಲಿ ಅಂತ ಮೊದಲ ಫೋನಿನಲ್ಲೇ ಹೇಳಿಟ್ಟಿರಿ. ಆಗ ನೀವು ಎಲ್ಲಿ ನಿಂತಿದ್ದರೂ ಅವರ ಬೀಜ ಬೇಯುತ್ತಿರುತ್ತದೆ.