ತಾತನ ಬಣ್ಣ ತಾತನದೇ ಇರಲಿ

"ನಮ್ಮ ತಾತನದು ಉಳಿದಿರುವುದು ಒಂದೇ ಫೋಟೋ. ಕಬ್ಬಿನ ಗದ್ದೆಯಲ್ಲಿ ದುಡಿದ ಕಪ್ಪು ಮನುಷ್ಯ. ಎಐನಲ್ಲಿ ಸರಿ ಮಾಡಿಸಿದರೆ ಬೆಳ್ಳಗಾಗಿ, ಮೂಗು ಸಣ್ಣಗಾಗಿ ಬಂದರು. ತಮ್ಮ 'ಚೆನ್ನಾಗೇ ಇದೆಯಲ್ಲ' ಅಂತಾನೆ. ಯಾಕೆ ಹೀಗೆ? ಸರಿಪಡಿಸಬಹುದಾ?"
– ಓದುಗರೊಬ್ಬರು, ಪಾಂಡವಪುರ

ನಿಮ್ಮ ತಮ್ಮನ ಮಾತೂ ಪೂರ್ತಿ ತಪ್ಪಲ್ಲ. ಗೀರು ಹೋಗಿದೆ, ಕಣ್ಣು ಕಾಣುತ್ತಿದೆ. ಆದರೆ ನಾನು ನಿಮ್ಮ ಕಡೆ. ಹಾರ ಹಾಕಿ ಕೈಮುಗಿಯುವುದು ತಾತನಿಗೆ ಅಲ್ವಾ?

ಮಸುಕಾದ ಮುಖದಲ್ಲಿ ಕಾಣದ್ದನ್ನು ಎಐ ಮಾಡೆಲ್ ಊಹಿಸಿ ಬರೆಯುತ್ತದೆ. ಊಹೆ ತಾನು ಕಲಿತ ಮುಖಗಳಿಂದ ಬರುತ್ತದೆ. ಇಂಥ ಹಲವು ಮಾಡೆಲ್‌ಗಳು ಕಲಿತದ್ದು ಎಫ್‌ಎಫ್‌ಎಚ್‌ಕ್ಯೂ ಎಂಬ 70,000 ಫೋಟೋಗಳ ಕಂತೆಯಿಂದ. ಅವೆಲ್ಲ ಫ್ಲಿಕರ್ ಎಂಬ ಫೋಟೋ ತಾಣದಲ್ಲಿ ಜನ ಹಾಕಿದವು. ಅದರಲ್ಲಿ ಬಿಳಿಯರೇ ಜಾಸ್ತಿ. ಹಾಗಾಗಿ ಅನುಮಾನ ಬಂದಲ್ಲೆಲ್ಲ ಊಹೆ ಆ ಕಡೆಗೇ ವಾಲುತ್ತದೆ. 2020ರಲ್ಲಿ ಪಲ್ಸ್ ಎಂಬ ಮಾಡೆಲ್‌ಗೆ ಒಬಾಮರ ಮಸುಕು ಚಿತ್ರ ಕೊಟ್ಟಾಗ ಬಂದದ್ದು ಬಿಳಿ ಗಂಡಸಿನ ಮುಖ.

ಈ ಚಾಳಿ ಹಳೆಯದು. ನಮ್ಮಕ್ಕನ ಸಂಬಂಧಕ್ಕೆಂದು ಮೈಸೂರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದೆವು. ಕೇಳದೇನೇ ಅವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಬಳಿದರೆ ಪ್ರಿಂಟ್‌ನಲ್ಲಿ ಬಿಳಿ! ಅಕ್ಕ ಆ ಫೋಟೋವನ್ನು ಇವತ್ತಿಗೂ ನೋಡುವುದಿಲ್ಲ. ನಿಮ್ಮೂರ ಪಕ್ಕದ ಮೇಲುಕೋಟೆಯಲ್ಲಿ ಕಪ್ಪು ಕಲ್ಲಿನ ದೇವರನ್ನು ಚೆಲುವ ಎಂದು ಕರೆಯುತ್ತೇವೆ. ಮನೆ ಮಗಳ ವಿಷಯಕ್ಕೆ ಬಂದರೆ ಮಾತ್ರ 'ಗೋಧಿ ಬಣ್ಣ' ಎಂದು ಬರೆಯುತ್ತೇವೆ. ನನಗೆ ಇದು ಇಂದಿಗೂ ಸಿಟ್ಟು ತರಿಸುತ್ತದೆ.

ನೀವು ಕಳಿಸಿದ ಎರಡು ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಅಳೆದೆ. ಸೊನ್ನೆ ಅಂದರೆ ಕಡುಗಪ್ಪು, 255 ಅಂದರೆ ಅಚ್ಚ ಬಿಳಿ. ಹಳೆಯದರಲ್ಲಿ ತಾತನ ಕೆನ್ನೆ 70, ಪಂಚೆ 210. ಹೊಸದರಲ್ಲಿ ಪಂಚೆ 215, ಕೆನ್ನೆ ಮಾತ್ರ 140. ಇಡೀ ಫೋಟೋ ತಿಳಿಯಾಗಿದ್ದರೆ ಪಂಚೆಯೂ ಇನ್ನಷ್ಟು ಏರಬೇಕಿತ್ತು. ಇಷ್ಟೊಂದು ಏರಿದ್ದು ಮುಖ ಒಂದೇ.

ಸ್ಟುಡಿಯೋದವರಿಗೆ ಹಳೇ ಸ್ಕ್ಯಾನ್ ಕೊಟ್ಟು ಮೊದಲಿಂದ ಮಾಡಿಸಿ. ಗೋಡೆ, ಬಟ್ಟೆಯ ಮೇಲಿನ ಗೀರುಗಳನ್ನಷ್ಟೇ ಮಾಡೆಲ್‌ಗೆ ಬಿಡಲಿ, ಮುಖವನ್ನು ಮಾಸ್ಕ್ ಹಾಕಿ ಮುಚ್ಚಲಿ. ಮುಖಕ್ಕೂ ಬೇಕೇಬೇಕು ಅಂದರೆ, ಅವರು ಬಳಸುವ ಮಾಡೆಲ್ `CodeFormer` ಆಗಿದ್ದರೆ ಅದರಲ್ಲಿ `w` ಎಂಬ ಅಳತೆ ಇದೆ, ಸೊನ್ನೆಯಿಂದ ಒಂದರವರೆಗೆ. ಸಾಮಾನ್ಯವಾಗಿ 0.5ರಲ್ಲಿ ಇರುತ್ತದೆ. 0.9ಕ್ಕೆ ಏರಿಸಿದರೆ ಊಹೆ ಕಡಿಮೆಯಾಗಿ ಮೂಲ ಮುಖಕ್ಕೆ ಅಂಟಿಕೊಳ್ಳುತ್ತದೆ. ಸ್ವಲ್ಪ ಮಸುಕು ಉಳಿಯುತ್ತದೆ, ಉಳಿಯಲಿ. ಆಮೇಲೆ ಕೆನ್ನೆ, ಪಂಚೆ ಎರಡನ್ನೂ ಮತ್ತೆ ಅಳೆಯಲಿ. ಕೆನ್ನೆ ಇನ್ನೂ ತಿಳಿಯಾಗಿದ್ದರೆ ಮುಖದ ಭಾಗವನ್ನಷ್ಟೇ ಆಯ್ದು, ಬೆಳಕು ಏರಿಳಿಸುವ ಕರ್ವ್ಸ್‌ನಲ್ಲಿ 70ರ ಆಸುಪಾಸಿಗೆ ಇಳಿಸಲಿ.

ಬಣ್ಣ ಹೀಗೆ ವಾಪಸ್ ಬರುತ್ತದೆ, ಮೂಗಿನ ಮಾತು ಬೇರೆ. ಹಳೇ ಫೋಟೋದಲ್ಲೇ ಮೂಗು ಅಳಿಸಿಹೋಗಿದ್ದರೆ ಯಾವ ಅಳತೆಯೂ ಅದನ್ನು ತರಲಾರದು. ಆಗ ನಿಮ್ಮ ಚಿಕ್ಕಪ್ಪಂದಿರ ಮನೆಯ ಟ್ರಂಕ್‌ಗಳಲ್ಲಿ ಇನ್ನೊಂದು ಫೋಟೋ ಇದೆಯಾ ಅಂತ ಹುಡುಕಿಸಿ.