ದಿನ ಎಣಿಸ್ಬೇಡಿ, ಉಳಿದಿರೋ ಕೂದಲು ನೋಡಿ

"ಹೊಸದಾಗಿ ಸಲೂನ್ ಶುರು ಮಾಡಿದೀನಿ. ಹೇರ್‌ಕಟ್ ಸರಿ ಬಂದಿಲ್ಲ ಅಂತ ಕಸ್ಟಮರ್ ವಾಪಸ್ ಬಂದ್ರೆ ಎಷ್ಟು ದಿನದವರೆಗೆ ಫ್ರೀಯಾಗಿ ಸರಿ ಮಾಡಿಕೊಡ್ಬೇಕು?"

ನಾನೂ ಸಲೂನ್ ತೆರೆದಾಗ ತಲೆ ಕೆಡಿಸ್ಕೊಂಡಿದ್ದು ಇದೇ ದಿನದ ಲೆಕ್ಕಕ್ಕೆ. ಕೊನೆಗೆ, ಲಿಮಿಟ್ ಯಾಕೆ ಬೇಕು, ಜನಕ್ಕೆ ನಂಬಿಕೆ ಬರಲಿ ಅಂತ "ನಿಮಗೆ ಸಮಾಧಾನ ಆಗೋವರೆಗೂ ಫ್ರೀ ಕರೆಕ್ಷನ್" ಅಂತ ಬೋರ್ಡ್ ಬರೆಸಿ ಹಾಕ್ಬಿಟ್ಟೆ. ಆ ಒಂದು ಸಾಲಿಂದಾನೇ ಒಬ್ಬರ ಕೂದಲು ಹೋಯ್ತು.

ಆಯಮ್ಮಂದು ಭುಜದ ಕೆಳಗೆ ಬರೋ ಕೂದಲು, ಸ್ವಲ್ಪ ಅಲೆಅಲೆ. ಭುಜದ ಮಟ್ಟಕ್ಕೆ ಒಂದೇ ಸಮ ಬೇಕು ಅಂದ್ರು. ನಮ್ಮ ಹುಡುಗ ತೊಳೆದು, ನಡುಬೈತಲೆ ತೆಗೆದು, ಒದ್ದೆಯಲ್ಲೇ ಸಮ ಮಾಡಿ ಕಳಿಸಿದ. ಅವರು ದಿನಾ ಬಾಚೋದು ಎಡಗಡೆ ಬೈತಲೆ, ಅದನ್ನ ಯಾರೂ ಕೇಳ್ಲಿಲ್ಲ. ಎಡಬೈತಲೆ ತೆಗೆದಾಗ ನೆತ್ತಿ ಮೇಲಿನ ಒಂದಿಷ್ಟು ಕೂದಲು ತಲೆ ದಾಟಿ ಬಲಕ್ಕೆ ಬೀಳುತ್ತೆ, ದೂರ ಜಾಸ್ತಿ ಆಗೋದ್ರಿಂದ ಅಲ್ಲಿ ಮೇಲಿನ ಪದರ ಮೋಟಾಗಿ ಕಾಣುತ್ತೆ, ಒಳಗಿನ ಉದ್ದದ ಕೂದಲು ಕೆಳಗೆ ಇಣುಕುತ್ತೆ. ಅವರು ಎರಡು ದಿನಕ್ಕೆ ವಾಪಸ್ ಬಂದು "ಬಲಗಡೆ ಸೊಟ್ಟಗಿದೆ" ಅಂದಿದ್ದು ಸರಿಯಾಗೇ ಇತ್ತು. ಆದ್ರೆ ಹುಡುಗ ಮತ್ತೆ ಒದ್ದೆ ಮಾಡಿ ಮತ್ತೆ ನಡುಬೈತಲೆಯಲ್ಲೇ ಅಳೆದು ನೋಡಿದ, ಎಲ್ಲಾ ಸಮ ಇತ್ತು, ಆದ್ರೂ ಸಮಾಧಾನಕ್ಕೆ ಅಂತ ಎರಡೂ ಕಡೆ ಸ್ವಲ್ಪ ತೆಗೆದ. ಮತ್ತೆ ಬಂದ್ರು. ಈ ಸಲ ಇನ್ನೊಬ್ಬರು ಬಲಗಡೆ ಇಣುಕ್ತಿದ್ದ ಕೂದಲನ್ನ ಕತ್ತರಿಸಿದ್ರು, ಆಗ ಎಡಗಡೆ ಉದ್ದ ಆಯ್ತು, ಅದನ್ನ ಬಲಕ್ಕೆ ಸರಿಯಾಗಿ ಇಳಿಸಿದ್ರು. ಹೀಗೇ ಬೋರ್ಡ್ ಹೇಳಿದ ಹಾಗೆ "ಸಮಾಧಾನ ಆಗೋವರೆಗೂ" ಮಾಡ್ತಾ ಮಾಡ್ತಾ ಭುಜಕ್ಕಿದ್ದ ಕೂದಲು ದವಡೆ ಹತ್ರ ಬಂತು. ನಾವು ಒಂದು ಸಲವೂ ದುಡ್ಡು ತಗೊಂಡಿರ್ಲಿಲ್ಲ, ಆದ್ರೆ ಪ್ರತಿ ಸಲವೂ ಅವರಿಂದ ಕೂದಲು ತಗೊಂಡ್ವಿ. ಅವರು ಮತ್ತೆ ಬರ್ಲಿಲ್ಲ.

ಅದಕ್ಕೇ ಹೇಳೋದು, ಎಷ್ಟು ದಿನ ಅನ್ನೋದು ಮುಖ್ಯವಾದ ಪ್ರಶ್ನೆನೇ ಅಲ್ಲ. ಉದ್ದ ಇರೋ ಕಡೆಯನ್ನ ಮೋಟು ಇರೋ ಕಡೆಗೆ ಇಳಿಸೋದು ಬಿಟ್ಟು ಕತ್ತರಿಗೆ ಬೇರೆ ದಾರಿ ಇಲ್ಲ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳೆಯುತ್ತೆ, ಅಂದ್ರೆ ಎರಡು ಬೆರಳು ಅಗಲ ತಪ್ಪಾಗಿ ತೆಗೆದ್ರೆ ಮೂರು ತಿಂಗಳ ಮೇಲೇ ಬೇಕು. ದಿನದ ಲೆಕ್ಕ ಏಳು ಅಂತ ಇಟ್ಕೊಳಿ, ಅಷ್ಟರಲ್ಲಿ ಮನೇಲಿ ಒಂದೆರಡು ಸಲ ತೊಳೆದು ತಾವೇ ಬಾಚಿ ನೋಡಿರ್ತಾರೆ, ತಪ್ಪಿದ್ರೆ ಗೊತ್ತಾಗುತ್ತೆ. ನಿಜವಾದ ಲಿಮಿಟ್ ಕತ್ತರಿ ಎಷ್ಟು ಸಲ ಮುಟ್ಟಬಹುದು ಅನ್ನೋದು. ನಾವೀಗ ಫ್ರೀ ಕರೆಕ್ಷನ್ ಒಂದೇ ಸಲ ಮಾಡೋದು, ಅದೂ ಮೊದಲು ಕಟ್ ಮಾಡಿದವರು ಒಬ್ರೇ ಅಲ್ಲ, ಸೀನಿಯರ್ ಒಬ್ಬರು ನೋಡಿದ ಮೇಲೆ.

ನೋಡೋದು ಅಂದ್ರೆ ಹೇಗೆ ಅಂತ ಹೇಳ್ತೀನಿ. ವಾಪಸ್ ಬಂದವರ ತಲೆ ಒದ್ದೆ ಮಾಡ್ಬೇಡಿ, ಅಲೆ ಇರೋ ಕೂದಲು ಒದ್ದೆಯಲ್ಲಿ ಎಳೆದು ಉದ್ದ ಕಾಣುತ್ತೆ, ಒಣಗಿದ ಮೇಲೆ ಒಂದೊಂದು ಕಡೆ ಒಂದೊಂದು ಥರ ಮೇಲೇರುತ್ತೆ. ಬಾಚಣಿಗೆ ಅವರ ಕೈಗೇ ಕೊಟ್ಟು, ಮನೇಲಿ ಬಾಚೋ ಹಾಗೇ ಬಾಚಿಕೊಳ್ಳಿ ಅನ್ನಿ. ಕಾಲು ಮೇಲೆ ಕಾಲು ಹಾಕ್ಕೊಂಡಿದ್ರೆ ಇಳಿಸೋಕೆ ಹೇಳಿ, ಭುಜ ಓರೆ ಆದ್ರೆ ಸರಿಯಾಗಿರೋ ಕಟ್ ಕೂಡ ಸೊಟ್ಟಗೆ ಕಾಣುತ್ತೆ. ಆಮೇಲೆ ತಪ್ಪು ಎಲ್ಲಿದೆ, ಅದಕ್ಕೆ ಎಷ್ಟು ಉದ್ದ ಹೋಗುತ್ತೆ ಅಂತ ಕನ್ನಡಿಯಲ್ಲಿ ಬೆರಳಿಟ್ಟು ತೋರಿಸಿ. ಅವರು ಹೂಂ ಅಂದ್ರೆ ಮಾತ್ರ ಕತ್ತರಿ ತಗೊಳಿ.

ಹೇಳಿದ್ದಕ್ಕಿಂತ ಮೋಟಾಗಿದ್ರೆ ಅಥವಾ ಸರಿ ಮಾಡೋಕೆ ಹೋದ್ರೆ ಅವರಿಗೆ ಬೇಡದಷ್ಟು ಮೋಟಾಗುತ್ತೆ ಅಂದ್ರೆ, ಕತ್ತರಿ ಎತ್ತಲೇಬೇಡಿ, ಪೂರ್ತಿ ದುಡ್ಡು ವಾಪಸ್ ಕೊಡಿ, ಆರರಿಂದ ಎಂಟು ವಾರ ಆದ್ಮೇಲೆ ಒಂದು ಶೇಪ್ ಫ್ರೀಯಾಗಿ ಮಾಡಿಕೊಡ್ತೀನಿ ಅಂತ ಬರೆದು ಕೊಡಿ. ಇನ್ನು ಹೇಳಿದ ಹಾಗೇ ಬಂದಿದೆ, ಈಗ ಬೇರೆ ಸ್ಟೈಲ್ ಬೇಕು ಅನ್ಸಿದೆ ಅಂದ್ರೆ ಅದು ಹೊಸ ಕಟ್, ದುಡ್ಡು ತಗೊಳಿ, ಅದಕ್ಕೆ ಸಂಕೋಚ ಬೇಡ. ನಡುವೆ ಬೇರೆ ಕಡೆ ಹೋಗಿ ಕಟ್ ಮಾಡಿಸಿದ್ರೂ, ಮನೇಲಿ ತಾವೇ ಕತ್ತರಿ ಹಾಕಿದ್ರೂ ಫ್ರೀ ಇಲ್ಲ. ಈ ಜಗಳ ಬರಬಾರ್ದು ಅಂದ್ರೆ ಮೊದಲ ದಿನವೇ ಎಲ್ಲಿವರೆಗೆ ಉದ್ದ, ಯಾವ ಕಡೆ ಬೈತಲೆ ಅಂತ ಅವರ ಎದುರಿಗೇ ಒಂದು ಸಾಲು ಬರೆದಿಟ್ಕೊಳಿ.

ಕೆಲವರು ಕರೆಕ್ಷನ್ ಆದ್ರೆ ಹುಡುಗರ ಸಂಬಳದಲ್ಲಿ ಹಿಡಿದುಕೊಳ್ಳಿ ಅಂತ ಹೇಳ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ದುಡ್ಡು ಹಿಡೀತಾರೆ ಅಂತ ಗೊತ್ತಾದ್ರೆ ಹುಡುಗರು ಕಸ್ಟಮರ್ ಜೊತೆ ಬಾಗಿಲಲ್ಲೇ ವಾದಕ್ಕೆ ನಿಲ್ತಾರೆ, ಇಲ್ಲಾ ನಿಮಗೆ ಹೇಳದೇ ಗುಟ್ಟಾಗಿ ಇನ್ನೊಂದಿಷ್ಟು ಕತ್ತರಿಸಿ ಕಳಿಸ್ತಾರೆ.