ಒಂದು ಕೆಜಿ ಹೈಡ್ರೋಜನ್‌ ಎಷ್ಟು ಪೆಟ್ರೋಲ್‌ಗೆ ಸಮ?

ಪ್ರಶ್ನೆ: ಹೈಡ್ರೋಜನ್‌ನಲ್ಲಿ ಪೆಟ್ರೋಲ್‌ಗಿಂತ ಮೂರು ಪಟ್ಟು ಶಕ್ತಿ ಅಂತಾರೆ. ಒಂದು ಕೆಜಿಗೆ ಕಾರು ಬೆಳಗಾವಿಯಿಂದ ಎಲ್ಲಿವರೆಗೆ ಹೋಗುತ್ತೆ?

ಉತ್ತರ: ಹೆಚ್ಚುಕಡಿಮೆ ಹುಬ್ಬಳ್ಳಿ ಮುಟ್ಟುತ್ತದೆ, ಸುಮಾರು 100 ಕಿ.ಮೀ.

ಆ ಮೂರು ಪಟ್ಟು ಬರೀ ತೂಕದ ಲೆಕ್ಕ. ಒಂದು ಕೆಜಿ ಹೈಡ್ರೋಜನ್‌ನಲ್ಲಿ 33 ಯೂನಿಟ್ ಶಕ್ತಿ, ಪೆಟ್ರೋಲ್‌ನಲ್ಲಿ 12. ಆದರೆ ಪೆಟ್ರೋಲನ್ನು ನಾವು ಲೀಟರ್‌ ಲೆಕ್ಕದಲ್ಲಿ ಹಾಕಿಸುತ್ತೇವೆ, ಅಲ್ವಾ? ಒಂದು ಲೀಟರ್ ಮುಕ್ಕಾಲು ಕೆಜಿಯಷ್ಟೇ ತೂಗುತ್ತದೆ. ಹಾಗಾಗಿ 33 ಯೂನಿಟ್ ಅಂದರೆ ಸುಮಾರು 3.7 ಲೀಟರ್ ಪೆಟ್ರೋಲ್. ಲೀಟರ್‌ಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಅಷ್ಟರಲ್ಲಿ ಕಿತ್ತೂರು ದಾಟಿ, ಧಾರವಾಡಕ್ಕೆ ಮೊದಲೇ ನಿಲ್ಲುತ್ತದೆ.

ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲು ಶಕ್ತಿಯನ್ನು ಸುಮ್ನೆ ಬಿಸಿಯಾಗಿ ಕಳೆಯುತ್ತದೆ. ಹೈಡ್ರೋಜನ್ ಕಾರಿನ ಫ್ಯೂಯೆಲ್ ಸೆಲ್ ಮಾತ್ರ ಅರ್ಧದಷ್ಟನ್ನು, ಅಂದರೆ 17 ಯೂನಿಟ್‌ನಷ್ಟು, ಕರೆಂಟ್ ಮಾಡಿ ಮೋಟರ್‌ಗೆ ಕೊಡುತ್ತದೆ. ಅದಕ್ಕೇ ಆ ಕಾರು ಹುಬ್ಬಳ್ಳಿವರೆಗೂ ಹೋಗುತ್ತದೆ. ತೊಂದರೆ ಜಾಗದ್ದು: 700 ಬಾರ್ ಒತ್ತಡದಲ್ಲಿ ತುಂಬಿದರೂ ಒಂದು ಕೆಜಿಗೆ 25 ಲೀಟರ್ ಟ್ಯಾಂಕ್ ಬೇಕು.